ಗೆಳತಿಯ ಅಂಗಡಿಗೆ ಏನು ಕೊಡೋಣ

ಬೆಳಗ್ಗೆ ಷಟರ್ ಎತ್ತಿ, ಬಾಗಿಲಿಗೆ ನೀರು ಚಿಮುಕಿಸಿ, ದೇವರ ಪಟಕ್ಕೆ ಊದುಬತ್ತಿ ಹಚ್ಚಿದ ಮೇಲೆ ಅಂಗಡಿಯವರು ಸ್ವಲ್ಪ ಹೊತ್ತು ಸುಮ್ಮನೆ ರಸ್ತೆ ನೋಡುತ್ತ ನಿಲ್ಲುತ್ತಾರೆ. ಅದು ಬೋಣಿಗೆ ಕಾಯುವ ಹೊತ್ತು. ದಿನದ ಮೊದಲ ಗಿರಾಕಿ ಚೌಕಾಸಿ ಮಾಡಬಾರದು, ಸಾಲ ಹೇಳಬಾರದು, ಬೆಲೆ ಕೇಳಿ ಬರಿಗೈಯಲ್ಲಿ ಹಿಂದಿರುಗಬಾರದು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಬೋಣಿಯ ನೋಟನ್ನು ಕಣ್ಣಿಗೊತ್ತಿಕೊಂಡು ಗಲ್ಲಾಪೆಟ್ಟಿಗೆಗೆ ಹಾಕುವುದನ್ನು ನಾವೆಲ್ಲ ನೋಡಿದ್ದೇವೆ. ಈಗ ಹಣ ಹೆಚ್ಚಾಗಿ ಫೋನಿಗೇ ಬರುತ್ತದೆ. ಆದರೂ ಆ ಕಾಯುವ ಮುಖ ಬದಲಾಗಿಲ್ಲ.

ನಮ್ಮ ಗೆಳತಿಯರಲ್ಲಿ ಯಾರಾದರೂ ಹೊಸದಾಗಿ ಅಂಗಡಿ ತೆರೆದಾಗ ಏನು ಉಡುಗೊರೆ ಕೊಡಬೇಕು ಎಂದು ಯೋಚಿಸುವಾಗಲೆಲ್ಲ ನನಗೆ ಈ ಹೊತ್ತು ನೆನಪಾಗುತ್ತದೆ. ಪೂಜೆಯ ದಿನ ಅಂಗಡಿ ತುಂಬ ಜನ. ಹೋಮದ ಹೊಗೆ, ಒಡೆದ ಬೂದುಗುಂಬಳದ ಮೇಲೆ ಕುಂಕುಮ, ಪ್ಲಾಸ್ಟಿಕ್ ಹಾಳೆ ಸುತ್ತಿದ ದೊಡ್ಡ ದೊಡ್ಡ ಹೂಗುಚ್ಛಗಳು. ಮಾರನೆಯ ದಿನದಿಂದ ಆಕೆ ಒಬ್ಬಳೇ ರಸ್ತೆ ನೋಡುತ್ತ ನಿಲ್ಲಬೇಕು. ನಾವು ಕೊಡುವುದು ಮೊದಲ ದಿನಕ್ಕೋ, ಆಮೇಲೆ ಬರುವ ದಿನಗಳಿಗೋ?

ಮೊದಲ ದಿನದ ಉಡುಗೊರೆಗಳನ್ನು ನಾನು ಹಗುರ ಮಾಡಿ ಮಾತಾಡುವುದಿಲ್ಲ. ಬರಿಗೈಯಲ್ಲಿ ಯಾರ ಶುಭಕಾರ್ಯಕ್ಕೂ ಹೋಗಬಾರದು. ಆದರೆ ಆರು ಜನ ಬೇರೆ ಬೇರೆಯಾಗಿ ತಂದರೆ ಆರು ಗೋಡೆ ಗಡಿಯಾರಗಳಾಗುತ್ತವೆ, ನಾಲ್ಕು ಗಣೇಶನ ಮೂರ್ತಿಗಳಾಗುತ್ತವೆ. ಹತ್ತಡಿ ಅಗಲದ ಮಳಿಗೆಯಲ್ಲಿ ಅವನ್ನು ಇಡಲು ಜಾಗವಿರುವುದಿಲ್ಲ, ಕೊಟ್ಟವರು ನಾಳೆ ಬಂದು ಹುಡುಕುತ್ತಾರೆಂದು ಒಳಗಿಡಲೂ ಮನಸ್ಸು ಬರುವುದಿಲ್ಲ. ನಾಲ್ಕಾರು ಜನ ಸೇರಿ, ಮೊದಲೇ ಕೇಳಿ, ಒಂದೇ ವಸ್ತು ಕೊಡುವುದು ಮೇಲು. ಅಂಗಡಿಯ ಬೋರ್ಡನ್ನೇ ಸ್ನೇಹಿತರು ಸೇರಿ ಬರೆಸಿಕೊಡಬಹುದು. ಬರೆಸುವಾಗ ನೂರಕ್ಕೆ 60 ಭಾಗ ಕನ್ನಡವಿರಬೇಕೆಂಬ 2024ರ ಕಾನೂನನ್ನು ನೆನಪಿಟ್ಟರೆ ಮುಂದೆ ಆಕೆ ಬೋರ್ಡ್ ಬದಲಾಯಿಸಬೇಕಾಗುವುದಿಲ್ಲ. ಕರಿಯುವ ಬಾಣಲೆ ಇರುವ ಅಂಗಡಿಯಾದರೆ ಅಡುಗೆ ಎಣ್ಣೆಯ ಬೆಂಕಿಗೆಂದೇ ಇರುವ ಅಗ್ನಿಶಾಮಕವನ್ನು ಕೊಡಬಹುದು. ಹೊತ್ತಿದ ಎಣ್ಣೆಗೆ ನೀರು ಸುರಿದರೆ ಬೆಂಕಿ ಸಿಡಿದು ಸೂರಿಗೇರುತ್ತದೆ. ಆ ಗಾಬರಿಯಲ್ಲಿ ಕೈಗೆ ಸಿಗುವುದು ಮಾತ್ರ ಸಾಮಾನ್ಯವಾಗಿ ನೀರಿನ ಬಕೆಟ್ಟೇ.

ಇನ್ನೊಂದು ಉಡುಗೊರೆ ನನಗೆ ಬಹಳ ಇಷ್ಟ, ಅದು ಚಿಲ್ಲರೆ. ಒಂದು ಬಟ್ಟೆಚೀಲದಲ್ಲಿ ಒಂದು, ಎರಡು, ಐದು ರೂಪಾಯಿಯ ನಾಣ್ಯಗಳು, ಜೊತೆಗೆ ಹತ್ತು ಇಪ್ಪತ್ತರ ನೋಟುಗಳು, ಒಟ್ಟು ಒಂದು ಸಾವಿರ ರೂಪಾಯಿಯಷ್ಟು. ಹತ್ತು ರೂಪಾಯಿ ನಾಣ್ಯದ ಎಲ್ಲ ವಿನ್ಯಾಸಗಳೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕ್ ಮತ್ತೆ ಮತ್ತೆ ಹೇಳಿದ್ದರೂ ನಮ್ಮ ಕಡೆ ಅನೇಕರು ಅದನ್ನು ತೆಗೆದುಕೊಳ್ಳಲು ಹಿಂಜರಿಯುತ್ತಾರೆ, ಆದ್ದರಿಂದ ಅದನ್ನು ಬಿಡಿ. ಫೋನಿನಲ್ಲಿ ಹಣ ಕೊಡದ ವಯಸ್ಸಾದವರು ಬೆಳಗ್ಗೆಯೇ ಐನೂರರ ನೋಟು ತರುತ್ತಾರೆ. ಚಿಲ್ಲರೆ ಇಲ್ಲವೆಂದು ಮೊದಲ ವಾರವೇ ಒಬ್ಬ ಗಿರಾಕಿಯನ್ನು ಹಿಂದಕ್ಕೆ ಕಳಿಸಿದರೆ ಅವರು ಮತ್ತೆ ಆ ಕಡೆ ತಿರುಗದೆ ಇರಬಹುದು. ಗಲ್ಲಾಪೆಟ್ಟಿಗೆಯಲ್ಲಿ ಲಕ್ಷ್ಮಿಯ ಪಟದ ಮುಂದೆ ಇಟ್ಟ ಆ ಚೀಲ ನೋಡಲೂ ಚೆಂದ, ಕೆಲಸಕ್ಕೂ ಬರುತ್ತದೆ.

ಇಲ್ಲಿಯವರೆಗಿನದು ವಸ್ತುಗಳ ಮಾತು. ನಾನು ಮುಖ್ಯವಾಗಿ ಹೇಳಬೇಕಾದದ್ದು ಬೇರೆ.

ಮೈಸೂರಿನಲ್ಲಿ ನನ್ನ ಗೆಳತಿಯೊಬ್ಬಳು ವಿಜಯದಶಮಿಯ ದಿನ ಕುರುಕಲು ತಿಂಡಿಯ ಅಂಗಡಿ ತೆರೆದಳು. ಕೋಡುಬಳೆ, ಚಕ್ಕುಲಿ, ನಿಪ್ಪಟ್ಟು, ಜೊತೆಗೆ ಚಟ್ನಿಪುಡಿ. ಕೋಡುಬಳೆಯಲ್ಲಿ ಅವಳ ಕೈ ದೊಡ್ಡದು. ಮುರಿದರೆ ಟಕ್ಕೆಂದು ಮುರಿಯಬೇಕು, ನಾಲಿಗೆಯ ಮೇಲೆ ಕರಗಬೇಕು, ಅವಳದು ಹಾಗೆಯೇ. ಇಪ್ಪತ್ತು ದಿನಕ್ಕೆ ದೀಪಾವಳಿ ಬಂತು. ಮಾಡಿದ್ದೆಲ್ಲ ಸಂಜೆಯೊಳಗೆ ಖಾಲಿಯಾಗುತ್ತಿತ್ತು, ನಾವೆಲ್ಲ ಸಂತೋಷಪಟ್ಟೆವು. ಡಿಸೆಂಬರಿನ ನಡುವೆ ಧನುರ್ಮಾಸ ಬಂದಾಗ ಮದುವೆ ಮುಂಜಿಗಳು ನಿಂತವು, ಅವುಗಳ ಆರ್ಡರ್‌ಗಳೂ ನಿಂತವು. ಆಗ ಒಂದು ಸಂಜೆ ಅವಳು ಹೇಳಿದಳು, “ದಿನಾ ಬಾಣಲೆ ಮುಂದೆ ನಿಂತು ಬೇಯ್ತೀನಿ ಕಣೇ, ತಿಂಗಳ ಕೊನೇಲಿ ಕೈಯಲ್ಲಿ ಏನೂ ಇರಲ್ಲ. ಎಲ್ಲಿ ಹೋಗ್ತಿದೆ ಅಂತಾನೇ ಗೊತ್ತಾಗ್ತಿಲ್ಲ.”

ಅವಳಿಗೆ ಆ ವರ್ಷ ಸಿಕ್ಕ ಉಡುಗೊರೆಗಳಲ್ಲಿ ದೊಡ್ಡದು ಯಾವುದೆಂದರೆ, ಬ್ಯಾಂಕಿನಿಂದ ನಿವೃತ್ತರಾದ ನಮ್ಮ ಸ್ನೇಹಿತರೊಬ್ಬರು ಎರಡು ಭಾನುವಾರ ಅವಳ ಜೊತೆ ಕೂತು ಒಂದು ಕಿಲೋ ಕೋಡುಬಳೆಯ ಅಸಲು ಎಷ್ಟೆಂದು ಲೆಕ್ಕ ಹಾಕಿಕೊಟ್ಟದ್ದು. ಅವರು ಮೊದಲು ಪುಸ್ತಕ ಕೇಳಲಿಲ್ಲ. ಹತ್ತು ಕಿಲೋ ತಯಾರಿಸುವ ಒಂದು ದಿನ ಪೂರ್ತಿ ಜೊತೆಗಿದ್ದು, ಹಾಕುವ ಮುನ್ನ ಎಲ್ಲವನ್ನೂ ತೂಗಿಸಿದರು. ಎಣ್ಣೆಯ ಡಬ್ಬವನ್ನು ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ತೂಗಿದರು. ಕರಿದ ತಿಂಡಿ ಎಷ್ಟು ಎಣ್ಣೆ ಕುಡಿಯುತ್ತದೆ, ಕಪ್ಪಾಗಿ ಚೆಲ್ಲುವುದೆಷ್ಟು ಎಂಬುದು ಅಂದಾಜಿಗೆ ಸಿಗುವುದಿಲ್ಲ. ಮನೆಯಲ್ಲಿ ಮಾಡುವವರು ಅದನ್ನು ಯಾವಾಗಲೂ ಕಡಿಮೆಯೆಂದೇ ತಿಳಿದಿರುತ್ತಾರೆ.

ಹತ್ತು ಕಿಲೋಗೆ ಅಕ್ಕಿಹಿಟ್ಟು, ಹುರಿಗಡಲೆ, ಕೊಬ್ಬರಿ, ಖಾರ, ಬೆಣ್ಣೆ, ಎಣ್ಣೆ ಎಲ್ಲ ಸೇರಿ 1,150 ರೂಪಾಯಿ. ಗ್ಯಾಸು, ಕವರು, ಚೀಟಿಗಳಿಗೆ 350. ಹೊಸೆಯಲು ಬರುವ ಹೆಂಗಸಿನ ದಿನಗೂಲಿ 600. ಒಟ್ಟು 2,100, ಅಂದರೆ ಕಿಲೋಗೆ 210. ಗೆಳತಿ ಅಷ್ಟಕ್ಕೇ ನಿಲ್ಲಿಸಿದ್ದಳು. 320ಕ್ಕೆ ಮಾರುತ್ತಿದ್ದುದರಿಂದ ಕಿಲೋಗೆ 110 ರೂಪಾಯಿ ಉಳಿಯುತ್ತದೆ ಎಂಬುದು ಅವಳ ನಂಬಿಕೆ. ಸ್ನೇಹಿತರು ಮಳಿಗೆಯ ಬಾಡಿಗೆ ಮತ್ತು ಕರೆಂಟನ್ನು ಸೇರಿಸಿದರು. ಅದು ತಿಂಗಳಿಗೆ 10,000. ಮಾರಾಟ ತಿಂಗಳಿಗೆ 100 ಕಿಲೋ ಇದ್ದಾಗ ಪ್ರತಿ ಕಿಲೋದ ಮೇಲೂ 100 ರೂಪಾಯಿ ಬಾಡಿಗೆ ಕೂರುತ್ತದೆ. ಅಸಲು 310 ಆಯಿತು. ಉಳಿಯುವುದು ಹತ್ತು ರೂಪಾಯಿ. ತಿಂಗಳೆಲ್ಲ ದುಡಿದು ಒಂದು ಸಾವಿರ, ಅದರಲ್ಲಿ ಅವಳ ಸ್ವಂತ ಕೂಲಿಯೂ ಬಂತು.

ಆಮೇಲೆ ಅವರು ನಮ್ಮ ಕಡೆ ತಿರುಗಿದರು. ನಾವೆಲ್ಲ ಸ್ನೇಹಿತರು. ಅವಳು ನಮಗೆಲ್ಲ ಪ್ರೀತಿಯಿಂದ ನೂರಕ್ಕೆ ಹತ್ತು ಕಡಿಮೆ ಮಾಡಿ ಕೊಡುತ್ತಿದ್ದಳು. ಅಂದರೆ 288 ರೂಪಾಯಿ. 310ರ ವಸ್ತುವನ್ನು 288ಕ್ಕೆ. ನಮಗೆ ಒಂದು ಕಿಲೋ ಮಾರಿದಾಗಲೆಲ್ಲ ಅವಳು ತನ್ನ ಗಂಟಿನಿಂದ 22 ರೂಪಾಯಿ ಸೇರಿಸಿ ಕೊಡುತ್ತಿದ್ದಳು, ಮೇಲೆ ಒಂದು ಹಿಡಿ ಚಟ್ನಿಪುಡಿ ಬೇರೆ. ಅಂಗಡಿಗೆ ಯಾರು ಉಡುಗೊರೆ ಕೊಡುತ್ತಿದ್ದರು, ಯಾರು ಪಡೆಯುತ್ತಿದ್ದರು ಎಂಬುದು ಆ ಕಾಗದದ ಮೇಲೆ ನಮ್ಮೆಲ್ಲರಿಗೂ ಕಂಡಿತು.

ಅದೇ ಕಾಗದದಲ್ಲಿ ಇನ್ನೊಂದು ಲೆಕ್ಕವೂ ಇತ್ತು. ಮಾರಾಟ 200 ಕಿಲೋ ಆದರೆ ಬಾಡಿಗೆ ಹೆಚ್ಚುವುದಿಲ್ಲ, ಕಿಲೋದ ಮೇಲೆ ಕೂರುವ ಭಾಗ 50ಕ್ಕೆ ಇಳಿಯುತ್ತದೆ. ಆಗ ಅಸಲು 260, ಉಳಿಯುವುದು 60. ತಿಂಗಳಿಗೆ 12,000. ಮಾರಾಟ ಎರಡರಷ್ಟಾದರೆ ಉಳಿಕೆ ಹನ್ನೆರಡರಷ್ಟಾಗುತ್ತದೆ. ಸಣ್ಣ ಅಂಗಡಿಗಳು ಮೊದಲ ವರ್ಷವೇ ಬಾಗಿಲು ಹಾಕುವುದಕ್ಕೂ ಎರಡನೆಯ ವರ್ಷ ಚೇತರಿಸಿಕೊಳ್ಳುವುದಕ್ಕೂ ಎಷ್ಟೋ ಸಲ ಇಷ್ಟೇ ಅಂತರ. ರುಚಿಯಲ್ಲಿ ಕೊರತೆ ಇರುವುದಿಲ್ಲ, ಬಾಡಿಗೆಯನ್ನು ಹಂಚಿಕೊಳ್ಳುವಷ್ಟು ಕಿಲೋಗಳು ಇರುವುದಿಲ್ಲ.

ಹಾಗಾಗಿ ಉಡುಗೊರೆಯ ಮಾತು ಬಂದಾಗ ನಾನು ಮೊದಲು ಹೇಳುವುದು ಇದನ್ನು: ಪೂರ್ತಿ ಬೆಲೆ ಕೊಟ್ಟು, ತಿಂಗಳು ತಿಂಗಳೂ ಕೊಳ್ಳಿ. ಹೂಗುಚ್ಛಕ್ಕೆ ಕೊಡುವ ಎಂಟುನೂರು ರೂಪಾಯಿಯಲ್ಲಿ ಎರಡು ತಿಂಗಳು ಒಂದೊಂದು ಕಿಲೋ ಕೊಂಡುಕೊಂಡು ನೂರೈವತ್ತಕ್ಕೂ ಹೆಚ್ಚು ರೂಪಾಯಿ ಉಳಿಸಿಕೊಳ್ಳಬಹುದು. ಇಪ್ಪತ್ತು ಮನೆಗಳು ಹೀಗೆ ನಿಂತರೆ ತಿಂಗಳಿಗೆ 20 ಕಿಲೋ ಖಚಿತವಾಗುತ್ತದೆ. ಖಚಿತವಾದ 20 ಕಿಲೋ ಹಬ್ಬದ ವಾರದ 60 ಕಿಲೋಗಿಂತ ಹೆಚ್ಚು ಆಸರೆ, ಏಕೆಂದರೆ ಅದನ್ನು ನಂಬಿ ಆಕೆ ಹಿಟ್ಟು ಎಣ್ಣೆಗಳನ್ನು ಸಗಟು ದರದಲ್ಲಿ ತರಬಹುದು, ಹೊಸೆಯುವ ಹೆಂಗಸಿಗೆ ವಾರಕ್ಕೆ ಇಷ್ಟು ದಿನ ಕೆಲಸವಿದೆ ಎಂದು ಮಾತು ಕೊಡಬಹುದು. ಆಕೆ ಕಡಿಮೆ ಮಾಡಲು ಬಂದಾಗ ಕೈ ಹಿಡಿದು ಬೇಡವೆನ್ನಿ. ಮೊದಲ ಸಲ ಇಬ್ಬರಿಗೂ ಸಂಕೋಚವಾಗುತ್ತದೆ. ಎರಡನೆಯ ಸಲ ಆಗುವುದಿಲ್ಲ.

ದೊಡ್ಡ ಆರ್ಡರ್ ಹಿಡಿದುಕೊಡುವುದೂ ಉಡುಗೊರೆಯೇ, ಆದರೆ ಅಲ್ಲಿ ಎಚ್ಚರ ಬೇಕು. ಒಬ್ಬ ಸ್ನೇಹಿತರು ತಮಗೆ ಪರಿಚಯವಿದ್ದ ಒಂದು ಕ್ಯಾಂಟೀನಿನಿಂದ ತಿಂಗಳಿಗೆ 25 ಕಿಲೋ ಆರ್ಡರ್ ತಂದರು. ಕ್ಯಾಂಟೀನಿನವರು ಹಣ ಮಾತ್ರ ಮುಂದಿನ ತಿಂಗಳು ಎಂದರು, ಮುಂದಿನ ತಿಂಗಳು ಮತ್ತೆ ಮುಂದಿನ ತಿಂಗಳು ಎಂದರು. 25 ಕಿಲೋ ಅಂದರೆ ಹಿಟ್ಟು, ಎಣ್ಣೆ, ಗ್ಯಾಸು, ಕವರು, ಕೂಲಿಗೇ ಐದು ಸಾವಿರಕ್ಕೂ ಹೆಚ್ಚು. ಎರಡು ತಿಂಗಳು ಬಾರದಿದ್ದಾಗ ಬಾಡಿಗೆಯಷ್ಟು ಹಣ ಅಲ್ಲಿ ಕೂತಿತು. ಗೆಳತಿ ಕೇಳಲಾರಳು, ಕೊಡಿಸಿದ ಸ್ನೇಹಿತರಿಗೆ ಬೇಸರವಾದೀತು ಎಂಬ ಅಳುಕು. “ದುಡ್ಡು ಕೇಳೋಕೆ ಬಾಯೇ ಬರಲ್ಲ ಕಣೇ,” ಎನ್ನುತ್ತಿದ್ದಳು. ಆರ್ಡರ್ ತರುವವರು ಬೆಲೆ, ಹಣ ಕೊಡುವ ದಿನ, ಎರಡನ್ನೂ ಬರೆಸಿ ತರಬೇಕು, ವಸೂಲಿಯ ಮಾತನ್ನೂ ತಾವೇ ಆಡಬೇಕು. ಅಷ್ಟು ಮಾಡಲಾಗದಿದ್ದರೆ ಅಂಥ ಆರ್ಡರ್ ತರದಿರುವುದೇ ಲೇಸು.

ಇಂಥ ಕಡೆ ನೆರವಾಗಲೆಂದೇ ಒಂದು ಕಾನೂನಿದೆ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ, ನೋಂದಾಯಿತ ಸಣ್ಣ ಉದ್ಯಮದಿಂದ ಸರಕು ಕೊಂಡವರು ಒಪ್ಪಂದವಿಲ್ಲದಿದ್ದರೆ 15 ದಿನದೊಳಗೆ, ಬರೆದ ಒಪ್ಪಂದವಿದ್ದರೂ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ. ಇದಕ್ಕೆ ಬೇಕಾದದ್ದು ಉದ್ಯಮ್ ನೋಂದಣಿ. ಸರ್ಕಾರದ udyamregistration.gov.in ತಾಣದಲ್ಲಿ ಆಧಾರ್, ಪ್ಯಾನ್ ಇಟ್ಟುಕೊಂಡು ಕೂತರೆ ಅದು ಆಗುತ್ತದೆ, ಶುಲ್ಕವಿಲ್ಲ. ಅದೇ ರೀತಿ ಕಾಣುವ ಖಾಸಗಿ ತಾಣಗಳು ಸಾವಿರಾರು ರೂಪಾಯಿ ಕೇಳುತ್ತವೆ. ಫೋನು, ಕಂಪ್ಯೂಟರು ತಿಳಿದ ಸ್ನೇಹಿತರು ಒಂದು ಮಧ್ಯಾಹ್ನ ಪಕ್ಕದಲ್ಲಿ ಕೂತು ಇದನ್ನು ಮಾಡಿಸಿಕೊಟ್ಟರೆ ಆಕೆ ದುಡ್ಡೂ ಉಳಿಸುತ್ತಾಳೆ, ಹಣ ಕೇಳಲು ಒಂದು ಆಧಾರವೂ ಸಿಗುತ್ತದೆ. ಕೇಳುವ ಪತ್ರದಲ್ಲಿ ಉದ್ಯಮ್ ಸಂಖ್ಯೆಯೊಂದು ಇದ್ದರೆ ಓದುವವರು ಅದನ್ನು ಬೇರೆ ಕಣ್ಣಿನಿಂದ ಓದುತ್ತಾರೆ.

ಕಣ್ಣು ಚುರುಕಾಗಿರುವ ಸ್ನೇಹಿತರು ಕೊಡಬಹುದಾದ ಇನ್ನೊಂದು ನೆರವು ಕವರಿನ ಮೇಲಿನ ಚೀಟಿ ಓದಿಕೊಡುವುದು. ಕವರಿನ ಮೇಲೇ ನೇರವಾಗಿ ಅಚ್ಚು ಹಾಕಿಸುವುದಾದರೆ ಮುದ್ರಕರು ಐದು ಸಾವಿರ ಕವರಿಗೆ ಕಡಿಮೆ ದರ ಹೇಳುತ್ತಾರೆ, ಹೊಸಬರು ಆಸೆಯಿಂದ ಒಪ್ಪಿಕೊಳ್ಳುತ್ತಾರೆ. ಮಾರುವ ತಿಂಡಿಯ ಪ್ಯಾಕೆಟ್ಟಿನ ಮೇಲೆ ಹೆಸರು, ಹಾಕಿದ ಪದಾರ್ಥಗಳು, ನಿವ್ವಳ ತೂಕ, ಎಲ್ಲ ತೆರಿಗೆ ಸೇರಿದ ಬೆಲೆ, ತಯಾರಿಸಿದ ದಿನ, ಎಲ್ಲಿಯವರೆಗೆ ತಿನ್ನಬಹುದು ಎಂಬುದು, ತಯಾರಿಸಿದವರ ವಿಳಾಸ, ಸಸ್ಯಾಹಾರದ ಹಸಿರು ಗುರುತು, ಆಹಾರ ಸುರಕ್ಷತಾ ಇಲಾಖೆಯ 14 ಅಂಕಿಯ ಸಂಖ್ಯೆ ಇರಬೇಕು. ಸಾಮಾನ್ಯವಾಗಿ ತಪ್ಪಿಹೋಗುವುದು ದಿನಾಂಕದ ಜಾಗ ಮತ್ತು ಅಲರ್ಜಿಯ ಸೂಚನೆ. ನಿಪ್ಪಟ್ಟಿನಲ್ಲಿ ಶೇಂಗಾ, ಮೈದಾ ಇರುತ್ತವೆ, ಕೋಡುಬಳೆಯಲ್ಲಿ ಬೆಣ್ಣೆ ಇರುತ್ತದೆ. ಶೇಂಗಾ ಒಗ್ಗದ ಮಗುವಿನ ತಾಯಿಗೆ ಆ ಒಂದು ಸಾಲು ಬೇಕೇಬೇಕು. ಮೊದಲ ಆರು ತಿಂಗಳು ಖಾಲಿ ಕವರು ತಂದು, ಇನ್ನೂರು ಮುನ್ನೂರರಂತೆ ಚೀಟಿ ಅಚ್ಚು ಹಾಕಿಸಿ ಅಂಟಿಸುವುದೇ ಸರಿ. ಬೆಲೆ ಬದಲಾಗುತ್ತದೆ, ತೂಕ ಬದಲಾಗುತ್ತದೆ, ಕೆಲವೊಮ್ಮೆ ವಿಳಾಸವೂ ಬದಲಾಗುತ್ತದೆ. ನನ್ನ ಗೆಳತಿಯೇ ಲೆಕ್ಕವಾದ ಮೇಲೆ ಬೆಲೆಯನ್ನು 360ಕ್ಕೆ ಏರಿಸಿದಳು. ಕವರಿನ ಮೇಲೇ ಅಚ್ಚಾಗಿದ್ದರೆ ಆ ನಿರ್ಧಾರವನ್ನು ಅವಳು ಮುಂದೂಡುತ್ತಿದ್ದಳು.

ಅಂಗಡಿಯ ತಕ್ಕಡಿಯ ಕಡೆಗೂ ಒಮ್ಮೆ ನೋಡಿ. ವ್ಯಾಪಾರಕ್ಕೆ ಬಳಸುವ ಎಲೆಕ್ಟ್ರಾನಿಕ್ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೇಕು, ಅದನ್ನು ವರ್ಷಕ್ಕೊಮ್ಮೆ ಹೊಸದಾಗಿ ಹಾಕಿಸಬೇಕು. ಹೊಸ ಅಂಗಡಿಗೆ ತಕ್ಕಡಿ ಉಡುಗೊರೆ ಕೊಡುವವರು ಮುದ್ರೆ ಹಾಕಿಸಿಯೇ ಕೊಟ್ಟರೆ ಒಳ್ಳೆಯದು.

ಸ್ನೇಹಿತರಾಗಿ ನಾವು ಮಾಡದೆ ಇರಬೇಕಾದ ಕೆಲಸವೂ ಒಂದಿದೆ. ಹಳೆಯ ಕೈಸಾಲ, ಪ್ರವಾಸದ ಪಾಲು, ಚೀಟಿಯ ಕಂತು, ಇವನ್ನೆಲ್ಲ ಅವಳ ಅಂಗಡಿಯ ಕ್ಯೂಆರ್‌ಗೆ ಹಾಕುವುದು ನಮಗೆ ಸುಲಭ. ಆದರೆ ಆ ಖಾತೆಯಲ್ಲಿ ಮಾರಾಟದ ಹಣವೂ ಮನೆಯ ಹಣವೂ ಕಲೆತರೆ ತಿಂಗಳ ಕೊನೆಗೆ ಎಷ್ಟು ಮಾರಿದೆ ಎಂದು ಅವಳಿಗೇ ತಿಳಿಯುವುದಿಲ್ಲ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಗಳನ್ನು ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿದಾಗ, ಖಾತೆಗೆ ಬಂದದ್ದೆಲ್ಲ ವ್ಯಾಪಾರದ ಹಣವಲ್ಲ ಎಂದು ತೋರಿಸಬೇಕಾಗಿ ಬಂದವರು ಪಟ್ಟ ಪಾಡು ಪತ್ರಿಕೆಗಳಲ್ಲಿ ಬಂತು. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಾಗುವುದು ಸಾಮಾನ್ಯವಾಗಿ ವರ್ಷದ ವಹಿವಾಟು 40 ಲಕ್ಷ ದಾಟಿದ ಮೇಲೆ. ತಿಂಗಳಿಗೆ 200 ಕಿಲೋ ಮಾರಿದರೂ ನನ್ನ ಗೆಳತಿಯದು ಹತ್ತು ಲಕ್ಷವನ್ನು ಮುಟ್ಟುವುದಿಲ್ಲ, ಆದ್ದರಿಂದ ಹೆದರಿಕೆಯೇನಿಲ್ಲ. ಆದರೂ ಅಂಗಡಿಗೆ ಬೇರೆಯೇ ಖಾತೆ ತೆರೆಯಲು ಒಂದು ದಿನ ಬ್ಯಾಂಕಿಗೆ ಜೊತೆಯಾಗಿ ಹೋಗಿ, ಆಮೇಲೆ ಆ ಖಾತೆಗೆ ತಿಂಡಿಯ ಹಣವನ್ನಷ್ಟೇ ಹಾಕಿ.

ಇಷ್ಟೆಲ್ಲ ಯಾವಾಗ ಮಾಡಬೇಕು? ಪೂಜೆಯ ವಾರವಂತೂ ಬೇಡ, ಆಗ ಅವಳಿಗೆ ಕೇಳಿಸಿಕೊಳ್ಳಲು ಬಿಡುವಿರುವುದಿಲ್ಲ. ಅಂಗಡಿ ತೆರೆದ ಮೂರನೆಯ ತಿಂಗಳು, ಶುಭ ಹಾರೈಸಿದವರೆಲ್ಲ ತಮ್ಮ ತಮ್ಮ ಕೆಲಸಗಳಿಗೆ ಮರಳಿದ ಮೇಲೆ, ಮಾರಾಟ ಇಳಿದ ಆಷಾಢದಲ್ಲೋ ಧನುರ್ಮಾಸದಲ್ಲೋ ಹೋಗಿ. ನಮ್ಮ ಗುಂಪಿನವರು ಆ ಧನುರ್ಮಾಸದಲ್ಲಿ ಅವಳಿಗೆ ಸಂಕ್ರಾಂತಿಯ ಎಳ್ಳುಬೆಲ್ಲದ ಆರ್ಡರ್ ಕೊಟ್ಟೆವು. ಬೆಲ್ಲ, ಕೊಬ್ಬರಿ ಸಣ್ಣಗೆ ಹೆಚ್ಚುವ ಕೆಲಸಕ್ಕೆ ಮೂವರು ಸಂಜೆ ಹೊತ್ತು ಹೋಗಿ ಕೂತೆವು. ಹಣ ಮುಂಗಡವಾಗಿಯೇ ಕೊಟ್ಟಿದ್ದರಿಂದ ಅವಳು ಸಾಲ ಮಾಡದೆ ಸಾಮಾನು ತಂದಳು. ಹೀಗೆ ಕೈಗೆ ಕೈ ಸೇರಿಸುವಾಗಲೂ ಅವಳ ಕೆಲಸದ ಕ್ರಮವನ್ನು ಕೇಳಿಕೊಂಡೇ ಮಾಡಬೇಕು. ರುಚಿ ಹೀಗಿರಲಿ, ಬೋರ್ಡು ಹಾಗಿರಲಿ ಎಂದು ಹೇಳುವವರು ಅವಳಿಗೆ ಬೇಕಾದಷ್ಟು ಜನ ಸಿಗುತ್ತಾರೆ. ಹೆಚ್ಚಲು ಕೂರುವವರು ಕಡಿಮೆ.

ಲೆಕ್ಕ ಹಾಕಿಕೊಟ್ಟ ಆ ಸ್ನೇಹಿತರು ಕೊನೆಯ ಪುಟದಲ್ಲಿ ಇನ್ನೊಂದು ಪಟ್ಟಿ ಮಾಡಿದ್ದರು. ಬರಬೇಕಾದ ಬಾಕಿಗಳ ಪಟ್ಟಿ ಅದು. ಕ್ಯಾಂಟೀನಿನದು ದೊಡ್ಡ ಮೊತ್ತ. ಉಳಿದವು ಇನ್ನೂರು, ಮುನ್ನೂರೈವತ್ತು, ನಾನೂರು. ಎಲ್ಲ ಆಪ್ತರವೇ, ‘ಆಮೇಲೆ ಕೊಡ್ತೀನಿ’ ಎಂದು ಪ್ಯಾಕೆಟ್ಟು ಹಿಡಿದು ಹೋದವರವು. ಒಟ್ಟು ಮಾಡಿದರೆ ಅವಳು ಒಂದು ತಿಂಗಳು ದುಡಿದು ಉಳಿಸುತ್ತಿದ್ದುದಕ್ಕಿಂತ ಹೆಚ್ಚಿತ್ತು. ಅವಳು ಯಾರಿಗೂ ಫೋನ್ ಮಾಡಿರಲಿಲ್ಲ, ಮಾಡುವವಳೂ ಅಲ್ಲ.

ನಿಮ್ಮ ಸ್ನೇಹಿತರ ಅಂಗಡಿಯಲ್ಲಿ ನಿಮ್ಮ ಹೆಸರಿನ ಮುಂದೆ ಅಂಥದೊಂದು ಬಾಕಿ ಇದ್ದರೆ, ಇವತ್ತು ಕೆಲಸಕ್ಕೆ ಹೊರಡುವ ಮುನ್ನ ಅದನ್ನು ಕೊಟ್ಟುಬಿಡಿ.